ಒಂದೇ ರಿಪೋರ್ಟು, ಎರಡು ಅರ್ಥ

ತಾಲೂಕು ಆಸ್ಪತ್ರೆಯ ಟಿಬಿ ವಿಭಾಗದ ಹೊರಗಿನ ಬೆಂಚಿನಲ್ಲಿ ಇಬ್ಬರು ಕೂತಿದ್ದಾರೆ ಅಂದುಕೊಳ್ಳಿ. ಒಬ್ಬಳು ಇಪ್ಪತ್ತೆರಡರ ಹುಡುಗಿ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಜ್ವರ. ಟಿಬಿ ಮಾತ್ರೆಯನ್ನು ಅವಳು ಈವರೆಗೆ ಕಣ್ಣಲ್ಲೂ ಕಂಡವಳಲ್ಲ. ಪಕ್ಕದಲ್ಲಿರುವವರು ನಲವತ್ತೈದರ ಲಾರಿ ಡ್ರೈವರ್. ಎರಡು ಸಲ ಚಿಕಿತ್ಸೆ ಶುರು ಮಾಡಿ, ಎರಡು ಸಲವೂ ಅರ್ಧಕ್ಕೇ ಬಿಟ್ಟವರು. ಇಬ್ಬರ ಕಫವೂ ಸಿಬಿನಾಟ್ ಯಂತ್ರಕ್ಕೆ ಹೋಗಿದೆ, ಎರಡು ಗಂಟೆಯಲ್ಲಿ ರಿಪೋರ್ಟು ಬಂದಿದೆ. ಎರಡರಲ್ಲೂ ಒಂದೇ ಸಾಲು: `Rif Resistance DETECTED`. ಅಂದರೆ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ.

ಹುಡುಗಿಯ ತಂದೆ ಲ್ಯಾಬಿನವರನ್ನು ಕೇಳುತ್ತಾರೆ: "ಸಾರ್, ಈ ಮಿಷನ್ ಎಷ್ಟು ಕರೆಕ್ಟು?"

"ನೂರಕ್ಕೆ ತೊಂಬತ್ತೆಂಟು, ಯಜಮಾನ್ರೇ."

ಲ್ಯಾಬಿನವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ತಂದೆ ಕೇಳಿದ ಪ್ರಶ್ನೆಯ ಉತ್ತರವೂ ಅಲ್ಲ. ಅವರಿಗೆ ಬೇಕಾಗಿದ್ದದ್ದು ಇಷ್ಟೆ: ಮಗಳ ರಿಪೋರ್ಟು ಹೀಗೆ ಬಂದಿದೆ, ಅದು ನಿಜವಾಗಿರುವ ಸಾಧ್ಯತೆ ಎಷ್ಟು? ಅದರ ಉತ್ತರ ತೊಂಬತ್ತೆಂಟಲ್ಲ, ಸುಮಾರು ಅರವತ್ತು. ಡ್ರೈವರಣ್ಣ ಅದೇ ಪ್ರಶ್ನೆ ಕೇಳಿದ್ದರೆ ಉತ್ತರ ಎಂಬತ್ತೇಳರ ಹತ್ತಿರ. ಯಂತ್ರವೂ ಅದೇ, ಕಾರ್ಟ್ರಿಡ್ಜೂ ಅದೇ, ಪರದೆಯ ಮೇಲಿನ ಸಾಲೂ ಅದೇ. ಹಾಗಿದ್ದೂ ಈ ಅಂತರ ಎಲ್ಲಿಂದ ಬಂತು?

ಆ ತೊಂಬತ್ತೆಂಟು ಹುಟ್ಟಿದ ಜಾಗಕ್ಕೇ ಹೋಗಿ ನೋಡೋಣ. ಲಿಮಾ, ಬಾಕು, ಕೇಪ್‌ಟೌನ್, ಡರ್ಬನ್ ಮತ್ತು ನಮ್ಮ ಮುಂಬೈ ಸೇರಿ ಐದು ಊರುಗಳಲ್ಲಿ, ಟಿಬಿ ಅಥವಾ ಔಷಧಕ್ಕೆ ಬಗ್ಗದ ಟಿಬಿ ಇರಬಹುದೆಂಬ ಅನುಮಾನವಿದ್ದ 1730 ಜನರ ಕಫವನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಪರೀಕ್ಷೆಯ ಹೆಸರು ಎಕ್ಸ್‌ಪರ್ಟ್ ಎಂಟಿಬಿ/ರಿಫ್. ಸಿಬಿನಾಟ್ ಎಂದು ನಮ್ಮ ಆಸ್ಪತ್ರೆಗಳಲ್ಲಿ ಬಾಯಿಗೆ ಕೂತಿರುವುದು ಇದೇ. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಇಂಥ ಅಧ್ಯಯನದಲ್ಲಿ ಎದುರುಬದುರು ನಿಲ್ಲುವ ಪರೀಕ್ಷೆಗಳು ಎರಡು. ಒಂದು ಹೊಸದಾಗಿ ಬಂದದ್ದು, ಇಲ್ಲಿ ಸಿಬಿನಾಟ್. ಇನ್ನೊಂದು ಸತ್ಯವೆಂದು ಸದ್ಯಕ್ಕೆ ಒಪ್ಪಿಕೊಂಡ ಅಳತೆಗೋಲು, ಇಲ್ಲಿ ಕಲ್ಚರ್. ಕಫದ ಬ್ಯಾಕ್ಟೀರಿಯಾವನ್ನು ವಾರಗಟ್ಟಲೆ ಬೆಳೆಸಿ, ಔಷಧಿ ಹಾಕಿದ ಮೇಲೂ ಅದು ಬೆಳೆಯುತ್ತದೆಯೇ ಎಂದು ಕಾದು ನೋಡುವ ವಿಧಾನ. ಇಂಥ ಅಧ್ಯಯನವನ್ನು ವರದಿ ಮಾಡುವವರು ಏನೇನನ್ನು ಬಚ್ಚಿಡದೆ ಹೇಳಲೇಬೇಕು ಎಂಬುದಕ್ಕೆ ಸ್ಟಾರ್ಡ್ ಎಂಬ ಒಂದು ಪಟ್ಟಿ ಇದೆ. ಮೊದಲು ಬಂದದ್ದು 2003ರಲ್ಲಿ, ಪರಿಷ್ಕರಣೆಯಾದದ್ದು 2015ರಲ್ಲಿ. ಈಗ ಅದರಲ್ಲಿ 30 ಅಂಶಗಳಿವೆ. ಮೂವತ್ತನ್ನೂ ಇಲ್ಲಿ ಎಣಿಸಿ ನಿಮಗೆ ಬೇಸರ ತರುವುದಿಲ್ಲ. ನನ್ನ ಪ್ರಕಾರ ಓದುಗ ಮೊದಲು ಕಣ್ಣಾಡಿಸಬೇಕಾದದ್ದು ಎರಡು: ನಾಲ್ಕು ಮನೆಯ ಕೋಷ್ಟಕ, ಮತ್ತು ಎಷ್ಟು ಜನ ಬಂದರು, ಎಲ್ಲೆಲ್ಲಿ ಕಳಚಿಕೊಂಡರು ಎಂದು ತೋರಿಸುವ ನಕ್ಷೆ. ಶೇಕಡಾವಾರು ಅಂಕಿಗಳೆಲ್ಲ ಇವೆರಡರಿಂದ ಹುಟ್ಟಿದ ಮಕ್ಕಳು.

ರಿಫಾಂಪಿಸಿನ್ ವಿಷಯದಲ್ಲಿ ಆ ಅಧ್ಯಯನದ ನಾಲ್ಕು ಮನೆ ಹೀಗಿತ್ತು:

| | ಕಲ್ಚರ್: ಬಗ್ಗದ ಟಿಬಿ | ಕಲ್ಚರ್: ಬಗ್ಗುವ ಟಿಬಿ |
|---|---|---|
| ಸಿಬಿನಾಟ್: ಬಗ್ಗದು | 200 | 10 |
| ಸಿಬಿನಾಟ್: ಬಗ್ಗುತ್ತದೆ | 5 | 504 |

ಈ ಕೋಷ್ಟಕವನ್ನು ಎರಡು ರೀತಿ ಓದಬಹುದು. ಮೇಲಿನಿಂದ ಕೆಳಕ್ಕೆ, ಇಲ್ಲವೇ ಎಡದಿಂದ ಬಲಕ್ಕೆ. ಗೊಂದಲ ಹುಟ್ಟುವುದೆಲ್ಲ ಈ ಎರಡನ್ನು ಕಲಸಿಬಿಟ್ಟಾಗ.

ಮೇಲಿನಿಂದ ಕೆಳಕ್ಕೆ ಓದಿ. ಮೊದಲ ಕಂಬದಲ್ಲಿರುವ 205 ಜನರ ಟಿಬಿ ಔಷಧಕ್ಕೆ ಬಗ್ಗದ್ದು. ಅವರಲ್ಲಿ 200 ಜನರನ್ನು ಯಂತ್ರ ಹಿಡಿಯಿತು, 97.6%. ಇದು ಸೆನ್ಸಿಟಿವಿಟಿ, ಇರುವುದನ್ನು ಹಿಡಿಯುವ ಶಕ್ತಿ. ಎರಡನೆಯ ಕಂಬದ 514 ಜನರ ಟಿಬಿ ಬಗ್ಗುವಂಥದ್ದು. ಅವರಲ್ಲಿ 504 ಜನರನ್ನು ಯಂತ್ರ ಸರಿಯಾಗಿ ಬಿಟ್ಟುಕೊಟ್ಟಿತು, 98.1%. ಇದು ಸ್ಪೆಸಿಫಿಸಿಟಿ, ಇಲ್ಲದವರ ತಂಟೆಗೆ ಹೋಗದ ಗುಣ. (ಟಿಬಿ ಲ್ಯಾಬುಗಳಲ್ಲಿ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾವನ್ನೂ "ಸೆನ್ಸಿಟಿವ್" ಅನ್ನುತ್ತಾರೆ. ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟವರು ಯಾರೋ. ಅದಕ್ಕೇ ಇಲ್ಲಿ "ಬಗ್ಗುವ", "ಬಗ್ಗದ" ಅನ್ನುತ್ತಿದ್ದೇನೆ.)

ಕಂಬದ ದಾರಿಯಲ್ಲಿ ನಡೆಯಬೇಕಾದರೆ ಸತ್ಯ ಮೊದಲೇ ಗೊತ್ತಿರಬೇಕು. ಇವರಿಗೆ ಬಗ್ಗದ ಟಿಬಿ ಇದೆ, ಯಂತ್ರ ಏನನ್ನುತ್ತದೆ ನೋಡೋಣ ಎಂಬುದು ಅಲ್ಲಿಯ ಪ್ರಶ್ನೆ. ಬೆಂಚಿನ ಮೇಲೆ ಕೂತ ಹುಡುಗಿಯದ್ದು ತಿರುಗುಮುರುಗು. ಯಂತ್ರ ಹೇಳಿಯಾಗಿದೆ, ಸತ್ಯ ಏನೆಂದು ಗೊತ್ತಾಗಬೇಕು. ಅವಳು ಓದಬೇಕಾದದ್ದು ಅಡ್ಡಸಾಲು. ಮೇಲಿನ ಸಾಲಿನಲ್ಲಿ 210 ಜನರಿಗೆ "ಬಗ್ಗದು" ಎಂದು ರಿಪೋರ್ಟು ಬಂತು, ಅವರಲ್ಲಿ 200 ಜನರದ್ದು ನಿಜ. ಅಂದರೆ 95%. ಇದಕ್ಕೆ ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ ಎನ್ನುತ್ತಾರೆ. ಕೆಳಗಿನ ಸಾಲಿನ 509ರಲ್ಲಿ 504 ನಿಜ, 99%. ಅದು ನೆಗೆಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ.

ಹಾಗಾದರೆ ಹುಡುಗಿಗೆ 95 ಅನ್ನಬಹುದಲ್ಲ, ಅರವತ್ತು ಯಾಕೆ? ಯಾಕೆಂದರೆ ಅಡ್ಡಸಾಲಿನಲ್ಲಿ ಎರಡು ಕಂಬದ ಜನರೂ ಬೆರೆತಿದ್ದಾರೆ. ಯಾವ ಕಂಬದಿಂದ ಎಷ್ಟು ಜನ ಬಂದರು ಎಂಬುದರ ಮೇಲೆ ಸಾಲಿನ ಲೆಕ್ಕ ನಿಲ್ಲುತ್ತದೆ. ಈ ಅಧ್ಯಯನದಲ್ಲಿ 719 ಜನರಲ್ಲಿ 205 ಜನರದ್ದು ಬಗ್ಗದ ಟಿಬಿ, ಅಂದರೆ ನೂರಕ್ಕೆ ಇಪ್ಪತ್ತೆಂಟಕ್ಕೂ ಹೆಚ್ಚು. ಆ ಅನುಮಾನ ಇದ್ದವರನ್ನೇ ಹುಡುಕಿ ಸೇರಿಸಿಕೊಂಡ ಮೇಲೆ ಅಷ್ಟು ಇರದೆ ಏನು! ಯಾರನ್ನು, ಎಲ್ಲಿ, ಯಾವ ನಿಯಮದ ಮೇಲೆ ಸೇರಿಸಿಕೊಂಡಿರಿ, ಬಂದವರನ್ನೆಲ್ಲ ಸಾಲಾಗಿ ತೆಗೆದುಕೊಂಡಿರೋ ಆರಿಸಿಕೊಂಡಿರೋ ಎಂದು ಸ್ಟಾರ್ಡ್ ಪಟ್ಟಿ ಬಿಡದೆ ಕೇಳುವುದು ಇದಕ್ಕೇ.

ಹುಡುಗಿ ನಿಂತಿರುವ ಸಾಲು ಬೇರೆಯದು. ಭಾರತದಲ್ಲಿ 2014ರಿಂದ 2016ರವರೆಗೆ ಔಷಧ ನಿರೋಧದ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಮೊದಲ ಸಲ ಟಿಬಿ ಬಂದವರಲ್ಲಿ 2.84% ಜನರಿಗೆ, ಹಿಂದೆ ಚಿಕಿತ್ಸೆ ತೆಗೆದುಕೊಂಡವರಲ್ಲಿ 11.6% ಜನರಿಗೆ ಹಲವು ಔಷಧಕ್ಕೆ ಬಗ್ಗದ ಟಿಬಿ ಇರುವುದು ಅದರಲ್ಲಿ ಕಂಡುಬಂತು. ಇದು ರಿಫಾಂಪಿಸಿನ್ ಜೊತೆಗೆ ಐಸೋನಿಯಜಿಡ್‌ಗೂ ಬಗ್ಗದವರ ಲೆಕ್ಕ. ರಿಫಾಂಪಿಸಿನ್ ಒಂದಕ್ಕೇ ಬಗ್ಗದವರನ್ನೂ ಸೇರಿಸಿದರೆ ತುಸು ಏರಬಹುದು. ನಮ್ಮ ಲೆಕ್ಕಕ್ಕೆ ಇಷ್ಟು ಹತ್ತಿರ ಸಾಕು.

ಹುಡುಗಿಯಂಥ ಸಾವಿರ ಹೊಸ ಟಿಬಿ ರೋಗಿಗಳನ್ನು ಸಾಲಾಗಿ ನಿಲ್ಲಿಸಿ. ಬಗ್ಗದ ಟಿಬಿ ಇರುವವರು 28. ಯಂತ್ರ ಅವರಲ್ಲಿ 27 ಜನರನ್ನು ಹಿಡಿಯುತ್ತದೆ. ಉಳಿದ 972 ಜನರದ್ದು ಬಗ್ಗುವ ಟಿಬಿ. ಅಧ್ಯಯನದಲ್ಲಿ 514ಕ್ಕೆ 10 ಜನರ ಮೇಲೆ ಯಂತ್ರ ತಪ್ಪಾಗಿ ಬೆರಳು ತೋರಿತ್ತಲ್ಲ, ಅದೇ ಲೆಕ್ಕದಲ್ಲಿ ಇಲ್ಲಿ 19 ಜನರ ಮೇಲೆ ತೋರುತ್ತದೆ. ಈಗ ಅಡ್ಡಸಾಲು ಓದಿ: "ಬಗ್ಗದು" ಎಂಬ ರಿಪೋರ್ಟು ಹಿಡಿದು ನಿಂತವರು 46, ಅವರಲ್ಲಿ ನಿಜವಾದವರು 27. ನೂರಕ್ಕೆ 59.

ಡ್ರೈವರಣ್ಣನ ಸಾಲಿಗೆ ಹೋಗಿ. ಹಿಂದೆ ಚಿಕಿತ್ಸೆಯಾದ ಸಾವಿರ ಜನರಲ್ಲಿ 116 ಜನರದ್ದು ಬಗ್ಗದ ಟಿಬಿ. ಯಂತ್ರ ಹಿಡಿಯುವುದು 113. ಮಿಕ್ಕ 884ರಲ್ಲಿ ತಪ್ಪು ಬೆರಳು ಬೀಳುವುದು 17 ಜನರ ಮೇಲೆ. 130ರಲ್ಲಿ 113, ನೂರಕ್ಕೆ 87. ಯಂತ್ರದ ತಪ್ಪು ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ, 19 ಮತ್ತು 17. ಮೊದಲ ಸಾಲಿನಲ್ಲಿ ಆ ತಪ್ಪುಗಳನ್ನು ಮುಚ್ಚಿಹಾಕುವಷ್ಟು ನಿಜವಾದ ರೋಗಿಗಳು ಇಲ್ಲ, ಅಷ್ಟೇ ವ್ಯತ್ಯಾಸ.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹುಡುಗಿಗೆ `NOT DETECTED` ಎಂದು ಬಂದಿದ್ದರೆ? ಆ ಸಾಲಿನಲ್ಲಿರುವ 954 ಜನರಲ್ಲಿ 953 ಜನರದ್ದು ನಿಜ. ಅಂದರೆ ಹೊಸ ರೋಗಿಯ ವಿಷಯದಲ್ಲಿ ಈ ಯಂತ್ರದ "ಇಲ್ಲ" ಬಂಡೆಯಷ್ಟು ಗಟ್ಟಿ, "ಇದೆ" ಅಷ್ಟು ಗಟ್ಟಿಯಲ್ಲ.

ಇಷ್ಟು ಹೇಳಿದ ಮೇಲೆ ನನ್ನ 59ರ ಮೇಲೂ ಸ್ವಲ್ಪ ಅನುಮಾನ ಹುಟ್ಟಿಸಬೇಕು. 98.1% ಎಂಬುದು 514 ಜನರಿಂದ ಬಂದ ಅಂದಾಜು. ಬೇರೆ 514 ಜನ ಸಿಕ್ಕಿದ್ದರೆ ತಪ್ಪಾದವರು ಹತ್ತೇ ಇರಬೇಕೆಂದಿಲ್ಲ. ಅದಕ್ಕೇ ಸ್ಟಾರ್ಡ್ ಒಂಟಿ ಅಂಕಿಯನ್ನು ಒಪ್ಪುವುದಿಲ್ಲ, ಅದರ ಅಕ್ಕಪಕ್ಕದ ವ್ಯಾಪ್ತಿಯನ್ನೂ ಕೊಡಿ ಎನ್ನುತ್ತದೆ. ಇಲ್ಲಿ ಆ ವ್ಯಾಪ್ತಿ 96.5ರಿಂದ 98.9. ಕಣ್ಣಿಗೆ ಎರಡೂವರೆ ಅಂಶದ ಚಿಲ್ಲರೆ. ಆದರೆ ಕೆಳಗಿನ ತುದಿಯನ್ನು ಹಿಡಿದು ಲೆಕ್ಕ ಹಾಕಿದರೆ ಹುಡುಗಿಯ ಸಾಲಿನಲ್ಲಿ ತಪ್ಪು ಬೆರಳು 34 ಜನರ ಮೇಲೆ ಬೀಳುತ್ತದೆ, ನಿಜವಾಗುವ ಸಾಧ್ಯತೆ ನೂರಕ್ಕೆ 44. ಮೇಲಿನ ತುದಿ ಹಿಡಿದರೆ ತಪ್ಪು 11, ಸಾಧ್ಯತೆ 71. ರೋಗ ವಿರಳವಾದ ಕಡೆ ಸ್ಪೆಸಿಫಿಸಿಟಿಯ ಒಂದೊಂದು ಪೈಸೆಯೂ ಅಡ್ಡಸಾಲಿನಲ್ಲಿ ರೂಪಾಯಿಯಾಗಿ ಹೊರಬರುತ್ತದೆ.

ಇಲ್ಲಿ ಪಠ್ಯಪುಸ್ತಕದ ಒಂದು ಮಾತನ್ನು ತಡೆದು ನಿಲ್ಲಿಸಬೇಕು. ಪ್ರೆಡಿಕ್ಟಿವ್ ವ್ಯಾಲ್ಯೂ ಜನಸಮೂಹದ ಜೊತೆ ಬದಲಾಗುತ್ತದೆ, ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಪರೀಕ್ಷೆಯ ಹುಟ್ಟುಗುಣ, ಅವು ಎಲ್ಲಿ ಹೋದರೂ ಹಾಗೇ ಇರುತ್ತವೆ ಎಂದು ಕಲಿಸುತ್ತಾರೆ. ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ಇದೇ ಅಧ್ಯಯನ ಸುಳ್ಳು ಮಾಡುತ್ತದೆ.

ಔಷಧದ ಮಾತು ಬಿಟ್ಟು, ಟಿಬಿ ಇದೆಯೋ ಇಲ್ಲವೋ ಎಂಬ ಮೊದಲ ಪ್ರಶ್ನೆಗೆ ಬನ್ನಿ. ಕಲ್ಚರ್‌ನಲ್ಲಿ ಟಿಬಿ ಬೆಳೆದವರಲ್ಲಿ, ಒಂದೇ ಒಂದು ಸಿಬಿನಾಟ್ ಪರೀಕ್ಷೆ ಎಷ್ಟು ಜನರನ್ನು ಹಿಡಿಯಿತು? ಮೈಕ್ರೋಸ್ಕೋಪಿನ ಗಾಜಿನಲ್ಲೂ ಬ್ಯಾಕ್ಟೀರಿಯಾ ಕಂಡವರ ಪೈಕಿ 561ರಲ್ಲಿ 551, ಅಂದರೆ 98.2%. ಗಾಜಿನಲ್ಲಿ ಕಾಣದವರ ಪೈಕಿ 171ರಲ್ಲಿ 124 ಮಾತ್ರ, 72.5%. ಕಾರಣ ಬಹಳ ಸರಳ. ಮೈಕ್ರೋಸ್ಕೋಪಿಗೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಹತ್ತು ಸಾವಿರದಷ್ಟು ಬ್ಯಾಕ್ಟೀರಿಯಾ ಬೇಕು. ಸಿಬಿನಾಟ್‌ಗೆ ಸುಮಾರು 130 ಸಾಕು. ಕಲ್ಚರ್‌ಗೆ ಅದಕ್ಕಿಂತಲೂ ಕಡಿಮೆ ಇದ್ದರೆ ನಡೆಯುತ್ತದೆ. ರೋಗ ಬಲಿತು ಕಫದಲ್ಲಿ ಬ್ಯಾಕ್ಟೀರಿಯಾ ತುಂಬಿದವನನ್ನು ಯಾರೂ ಹಿಡಿದಾರು. ಬ್ಯಾಕ್ಟೀರಿಯಾ ನೂರರ ಆಸುಪಾಸಿನಲ್ಲಿ ಇರುವವನೇ ನುಣುಚಿಕೊಳ್ಳುವವನು. ಅದೇ ಅಧ್ಯಯನದಲ್ಲಿ ಗಾಜಿನಲ್ಲಿ ಕಾಣದವರ ಕಫವನ್ನು ಮೂರು ಸಲ ಪರೀಕ್ಷಿಸಿದಾಗ ಹಿಡಿಯುವ ಶಕ್ತಿ 90.2%ಕ್ಕೆ ಏರಿತು.

ಹಾಗಾದರೆ ಸಿಬಿನಾಟ್‌ನ ಸೆನ್ಸಿಟಿವಿಟಿ ಎಷ್ಟು? ಎಲ್ಲರನ್ನೂ ಒಟ್ಟು ಮಾಡಿದರೆ 732ರಲ್ಲಿ 675, ಅಂದರೆ 92.2%. ಆದರೆ ಈ 92 ಯಾವ ರೋಗಿಯ ಅಂಕಿಯೂ ಅಲ್ಲ. ಬಲಿತ ರೋಗದವರು ನಾಲ್ಕರಲ್ಲಿ ಮೂರು ಪಾಲು ಇದ್ದ ಒಂದು ಗುಂಪಿನ ಸರಾಸರಿ. ಕೆಮ್ಮೇ ಇಲ್ಲದವರನ್ನು ಮನೆಮನೆಗೆ ಹೋಗಿ ತಪಾಸಣೆ ಮಾಡುವ ಶಿಬಿರದಲ್ಲಿ ಪಾಲು ತಲೆಕೆಳಗಾಗಬಹುದು. ಆಗ ಅದೇ ಯಂತ್ರದ ಹಿಡಿತ 92ರಿಂದ ಜಾರಿ ಎಪ್ಪತ್ತರ ಕಡೆ ಹೊರಡುತ್ತದೆ. ರೋಗ ಯಾವ ಹಂತದಲ್ಲಿದ್ದವರು ಎಷ್ಟೆಷ್ಟು ಮಂದಿ ಎಂದು ಸ್ಟಾರ್ಡ್ ಬೇರೆಯಾಗಿ ಕೇಳುತ್ತದೆ. ಅದನ್ನು ಹೇಳದ ವರದಿಯ ಸೆನ್ಸಿಟಿವಿಟಿಯನ್ನು ನಾನು ನಂಬುವುದಿಲ್ಲ. ವಾರ್ಡಿನಲ್ಲಿ ಮಲಗಿರುವ ಪಕ್ಕಾ ರೋಗಿಗಳನ್ನು ಒಂದು ಕಡೆ, ಗಟ್ಟಿಮುಟ್ಟಾದ ಆರೋಗ್ಯವಂತರನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದರೆ ಎಂಥ ಪರೀಕ್ಷೆಯೂ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗುತ್ತದೆ. ಇಂಥ ಜೋಡಣೆ ಪರೀಕ್ಷೆಯನ್ನು ಎಷ್ಟರ ಮಟ್ಟಿಗೆ ಉಬ್ಬಿಸುತ್ತದೆ ಎಂದು ಆಮ್‌ಸ್ಟರ್‌ಡ್ಯಾಮಿನ ಲೈಮರ್ ಮತ್ತು ಸಂಗಡಿಗರು 1999ರಲ್ಲೇ ಅಳೆದು ತೋರಿಸಿದ್ದರು. ಸ್ಟಾರ್ಡ್ ಹುಟ್ಟಿಗೆ ಅಂಥ ಕೆಲಸಗಳೇ ಗೊಬ್ಬರ.

ಇನ್ನು ಎರಡನೆಯ ಸಂಗತಿ, ಜನ ಕಳಚಿಕೊಂಡ ನಕ್ಷೆ. ಈ ಅಧ್ಯಯನಕ್ಕೆ ಸೇರಿಸಿಕೊಂಡವರು 1730. ಮುಖ್ಯ ವಿಶ್ಲೇಷಣೆಗೆ ಉಳಿದವರು 1462. ಅವರಲ್ಲಿ 741 ಜನರಿಗೆ ಕಲ್ಚರ್‌ನಲ್ಲಿ ಟಿಬಿ ಬೆಳೆಯಿತು, 616 ಜನರಿಗೆ ಟಿಬಿ ಇಲ್ಲ ಎಂದಾಯಿತು. ಕೂಡಿದರೆ 1357. ಮಿಕ್ಕ 105 ಜನ ಎಲ್ಲಿ? ಅವರ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಆದರೂ ಲಕ್ಷಣ ನೋಡಿ ವೈದ್ಯರು ಟಿಬಿ ಎಂದೇ ತೀರ್ಮಾನಿಸಿದ್ದರು. ಅವರನ್ನು ಎರಡು ಕಂಬಗಳಲ್ಲಿ ಯಾವುದಕ್ಕೂ ಸೇರಿಸಲಿಲ್ಲ. ಅವರನ್ನು ರೋಗಿಗಳ ಕಂಬಕ್ಕೆ ಹಾಕಿದ್ದರೆ ಸೆನ್ಸಿಟಿವಿಟಿ ಬೇರೆಯಾಗುತ್ತಿತ್ತು, ರೋಗವಿಲ್ಲದವರ ಕಂಬಕ್ಕೆ ಹಾಕಿದ್ದರೆ ಸ್ಪೆಸಿಫಿಸಿಟಿ. ಹೊರಗಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಿಜಕ್ಕೂ ಅವರು ಯಾವ ಕಂಬದವರೆಂದು ಹೇಳುವುದು ಕಷ್ಟ. ಆದರೆ ನಿಮ್ಮ ತಾಲೂಕು ಆಸ್ಪತ್ರೆಗೆ ಬರುವವರಲ್ಲಿ ಇಂಥ ನಡುಮನೆಯವರೂ ಇರುತ್ತಾರೆ. ಅವರಿಗೆ 92 ಆಗಲಿ 99 ಆಗಲಿ ಅನ್ವಯಿಸುವುದಿಲ್ಲ.

ನಕ್ಷೆಯಲ್ಲಿ ಇನ್ನೊಂದು ಸಣ್ಣ ಸಂಗತಿಯೂ ಇದೆ. ಟಿಬಿ ಬೆಳೆದವರು 741, ಮೇಲೆ ನಾವು ಲೆಕ್ಕ ಹಾಕಿದ್ದು 732ರಲ್ಲಿ. ಟಿಬಿ ಇಲ್ಲದವರು 616, ಸ್ಪೆಸಿಫಿಸಿಟಿಯನ್ನು ಲೆಕ್ಕ ಹಾಕಿದ್ದು 609ರಲ್ಲಿ. ಹೀಗೆ 16 ಜನ ನಾಲ್ಕು ಮನೆಯ ಹೊರಗೆ ಉಳಿದರು. ಪರದೆಯ ಮೇಲೆ `ERROR`, `INVALID`, `NO RESULT` ಎಂದು ಬರುವುದನ್ನು ಲ್ಯಾಬಿನವರು ದಿನಾ ನೋಡುತ್ತಾರೆ. ಅಂಥವನ್ನು ಏನು ಮಾಡಿದಿರಿ ಎಂದೂ ಸ್ಟಾರ್ಡ್ ಕೇಳುತ್ತದೆ. ಇಲ್ಲಿ ಹದಿನಾರೇ, ಲೆಕ್ಕ ಅಲ್ಲಾಡುವುದಿಲ್ಲ. ನೂರೈವತ್ತು ಹೋಗಿದ್ದರೆ ಉಳಿದವರ ಮೇಲೆ ಬಂದ ಚಂದದ ಅಂಕಿಗೆ ಬೆಲೆ ಇರುತ್ತಿರಲಿಲ್ಲ.

ಈಗ ಮತ್ತೆ ಬೆಂಚಿಗೆ. ಹುಡುಗಿಯ ರಿಪೋರ್ಟು ನಿಜವಾಗುವ ಸಾಧ್ಯತೆ ನೂರಕ್ಕೆ ಅರವತ್ತರಷ್ಟಾದರೆ ವೈದ್ಯರು ಮಾಡುವುದೇನು? ರಿಪೋರ್ಟನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಪರೀಕ್ಷೆಗೆ ಮೊದಲು ಆ ಸಾಧ್ಯತೆ ನೂರಕ್ಕೆ ಮೂರೂ ಇರಲಿಲ್ಲ. ಒಂದು ಪರೀಕ್ಷೆ ಅದನ್ನು ಅರವತ್ತಕ್ಕೆ ಎತ್ತಿದೆ, ಅದು ಸಣ್ಣ ಮಾತಲ್ಲ. ಹಾಗೆಂದು ಆ ರಿಪೋರ್ಟೊಂದನ್ನೇ ನಂಬಿ ಬೇರೆ ಮಾತ್ರೆಗಳ ಭಾರವನ್ನು ಅವಳ ಮೇಲೆ ಹೊರಿಸಿದರೆ ಐವರಲ್ಲಿ ಇಬ್ಬರಿಗೆ ಬೇಡದ ಶಿಕ್ಷೆ. ಅದಕ್ಕೇ ಅಪಾಯ ಕಡಿಮೆ ಇರುವ ಹೊಸ ರೋಗಿಯಲ್ಲಿ ಹೀಗೆ ಬಂದರೆ ಹೊಸದಾಗಿ ಕಫ ತೆಗೆದು ಇನ್ನೊಮ್ಮೆ ಪರೀಕ್ಷಿಸಿ ಎಂಬ ಸಲಹೆ ಇರುವುದು. ಡ್ರೈವರಣ್ಣನ ವಿಷಯದಲ್ಲಿ ಅಷ್ಟು ಅನುಮಾನ ಬೇಕಿಲ್ಲ.

ಎರಡನೆಯ ಪರೀಕ್ಷೆ ಯಾವ ತಪ್ಪನ್ನು ತಿದ್ದುತ್ತದೆ, ಯಾವುದನ್ನು ತಿದ್ದುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಡಬ್ಬಿಯ ಮೇಲೆ ಬೇರೆಯವರ ಹೆಸರು ಬಿದ್ದಿದ್ದರೆ ಅದು ಸರಿಹೋಗುತ್ತದೆ. ಕಫದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇದ್ದಾಗ ಯಂತ್ರ ತಡವರಿಸಿ "ಬಗ್ಗದು" ಅಂದುಬಿಡುವುದುಂಟು. ರಿಪೋರ್ಟಿನಲ್ಲಿ `VERY LOW` ಎಂದಿದ್ದರೆ ಈ ಅನುಮಾನ ಬಲವಾಗುತ್ತದೆ. ಹೊಸ ಕಫ ಚೆನ್ನಾಗಿ ಬಂದರೆ ಅದೂ ಬಗೆಹರಿಯಬಹುದು. ಆದರೆ ಮೂರನೆಯದೊಂದು ಇದೆ. ಯಂತ್ರ ನೋಡುವುದು ಬ್ಯಾಕ್ಟೀರಿಯಾದ ಒಂದು ಜೀನಿನ ತುಣುಕನ್ನು. ಅಲ್ಲಿ ಅಕ್ಷರ ಬದಲಾಗಿದ್ದರೆ ಯಂತ್ರಕ್ಕೆ ಅಷ್ಟು ಸಾಕು, "ಬಗ್ಗದು" ಎನ್ನುತ್ತದೆ. ಕೆಲವು ಅಕ್ಷರ ಬದಲಾದರೂ ಬ್ಯಾಕ್ಟೀರಿಯಾದ ಪ್ರೋಟೀನ್ ಬದಲಾಗುವುದಿಲ್ಲ, ಔಷಧ ಎಂದಿನಂತೆ ಕೆಲಸ ಮಾಡುತ್ತದೆ. ಇಂಥ ಬ್ಯಾಕ್ಟೀರಿಯಾವನ್ನು ಹತ್ತು ಸಲ ಪರೀಕ್ಷಿಸಿದರೂ ಯಂತ್ರ ಹತ್ತು ಸಲವೂ ಅದೇ ತಪ್ಪನ್ನು ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಕೆಲವು ಅಕ್ಷರ ಬದಲಾವಣೆಗಳಿಂದ ನಿರೋಧ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ದ್ರವದ ಕಲ್ಚರ್‌ನಲ್ಲಿ ಆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಲ್ಯಾಬು ಅದನ್ನು "ಬಗ್ಗುತ್ತದೆ" ಎಂದು ಬರೆದುಬಿಡುತ್ತದೆ. ಅಲ್ಲಿ ಯಂತ್ರ ಹೇಳಿದ್ದೇ ಸರಿ, ಅಳತೆಗೋಲೇ ಡೊಂಕು. ನಮ್ಮ ಕೋಷ್ಟಕದ ಮೇಲಿನ ಬಲಮನೆಯ ಆ ಹತ್ತು ಜನರಲ್ಲಿ ಅಂಥವರು ಒಬ್ಬಿಬ್ಬರಿದ್ದರೂ ಸಾಕು, ಅವರು ಎಡಮನೆಗೆ ದಾಟುತ್ತಾರೆ, ಸ್ಪೆಸಿಫಿಸಿಟಿ ಏರುತ್ತದೆ, ಹುಡುಗಿಯ ಅರವತ್ತೂ ಅದರ ಜೊತೆಗೆ ಮೇಲೇರುತ್ತದೆ. ಯಾವ ಅಳತೆಗೋಲನ್ನು ಆರಿಸಿಕೊಂಡಿರಿ, ಯಾಕೆ ಅದನ್ನೇ ಎಂದು ಸ್ಟಾರ್ಡ್ ಕೇಳುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಗಾಗಿ ಹುಡುಗಿಯ ಎರಡನೆಯ ರಿಪೋರ್ಟೂ `DETECTED` ಎಂದೇ ಬಂದರೆ, ವೈದ್ಯರು ಬಗ್ಗದ ಟಿಬಿಯ ಮಾತ್ರೆ ಶುರು ಮಾಡುತ್ತಾರೆ. ಜೊತೆಗೆ ಅದೇ ಕಫದ ಇನ್ನೊಂದು ಫಾಲ್ಕನ್ ಟ್ಯೂಬನ್ನು ಮೂರು ಪದರ ಕಟ್ಟಿ, ಐಸ್ ಪ್ಯಾಕ್ ಇಟ್ಟು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುತ್ತಾರೆ, ಸಾಧ್ಯವಿದ್ದ ಕಡೆ ಜೀನಿನ ಅಕ್ಷರಗಳನ್ನೂ ಓದುತ್ತಾರೆ. ಆ ಉತ್ತರ ಬರಲು ವಾರಗಳು ಬೇಕು.